ಜ್ಯೇಷ್ಠ ಪುತ್ರಿಯ ಒತ್ತಕ್ಷರ

ಅಣ್ಣನ ಮಗಳ ಮದುವೆ ಕಾಗದ ಮಾಡಿಸಲು ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋಗಿದ್ದೆವು. ಅಂಗಡಿಯವರು ಹರಡಿದ ಮಾದರಿಗಳಲ್ಲಿ ಅತ್ತಿಗೆಯ ಕಣ್ಣು ಒಂದರ ಮೇಲೇ ನಿಂತುಬಿಟ್ಟಿತು. ದಪ್ಪ ಮರೂನ್ ಕಾಗದ, ಅದರ ಮೇಲೆ ಚಿನ್ನದ ಬಣ್ಣದ ಸಣ್ಣ ಅಕ್ಷರ. ಆದರೆ ಮಾದರಿಯಲ್ಲಿದ್ದದ್ದು ಇಂಗ್ಲಿಷ್ ಒಕ್ಕಣೆ. ಕನ್ನಡದಲ್ಲಿ ಹಾಕಿಸಿದರೆ ಹೇಗೆ ಬರುತ್ತದೆ ಎಂದು ಕೇಳಿದೆ. "ಏನೂ ತೊಂದರೆ ಇಲ್ಲ ಸಾರ್, ಇದೇ ಥರ ಬರುತ್ತೆ" ಎಂದರು.

ಇದೇ ಥರ ಬರುವುದಿಲ್ಲ. ಕನ್ನಡದ ಸಾಲಿಗೆ ಮೂರು ಅಂತಸ್ತು: ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ ಕನ್ನಡ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಬಡಿಯುತ್ತದೆ. ನಮ್ಮ ಕಾಗದದಲ್ಲಿ 'ಜ್ಯೇಷ್ಠ ಪುತ್ರಿ' ಎಂಬ ಸಾಲಿನ ಕೆಳಗೇ 'ಶ್ರೀಮತಿ' ಇತ್ತು. ಎರಡನ್ನೂ 12 ಪಾಯಿಂಟ್‌ನಲ್ಲಿ, 14 ಪಾಯಿಂಟ್ ಅಂತರದಲ್ಲಿ ಕೂರಿಸಿ ತೋರಿಸಿ ಎಂದೆ. ಷಕಾರದ ಕೆಳಗಿನ ಠ-ಒತ್ತು 'ಶ್ರೀ'ಯ ನೆತ್ತಿಗೆ ಅಂಟಿಕೊಂಡಿತು. ಅಂತರವನ್ನು 18ಕ್ಕೆ ಏರಿಸಿದಾಗ ಉಸಿರಾಡಲು ಜಾಗ ಸಿಕ್ಕಿತು. ಆದರೆ ಒಕ್ಕಣೆ ಕಾಗದದ ಅಂಚು ದಾಟಿತು. ಇಂಥ ಹೊತ್ತಿನಲ್ಲಿ ಅಂಗಡಿಯವರು ಅಕ್ಷರ ಚಿಕ್ಕದು ಮಾಡಲು ನೋಡುತ್ತಾರೆ. ಅದಕ್ಕೆ ಒಪ್ಪುವ ಬದಲು 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ನಾಲ್ಕು ಹೆಸರು ಕಡಿಮೆ ಮಾಡುವುದು ಮೇಲು. (ಯಾರ ಹೆಸರು ಎಂಬ ಜಗಳಕ್ಕೆ ನಾನು ಹೊಣೆಯಲ್ಲ.)

ಅಕ್ಷರ ಚಿಕ್ಕದಾದರೆ ಮೊದಲು ಹೋಗುವುದು ಮಹಾಪ್ರಾಣ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು, ಅಷ್ಟೇ. ಧ ಮತ್ತು ಥ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ. ಬಣ್ಣದ ಕಾಗದದ ಮೇಲೆ ಚಿನ್ನದ ಬಣ್ಣವನ್ನು ಸಾಮಾನ್ಯವಾಗಿ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಹಾಕುತ್ತಾರೆ: ಬಿಗಿದ ಜಾಲರಿಯ ಮೂಲಕ ಮಸಿಯನ್ನು ಒತ್ತಿ ಇಳಿಸುವ ಕೆಲಸ. ಆ ಗಟ್ಟಿ ಮಸಿ ಸ್ವಲ್ಪ ಹರಡಿದರೂ ಚುಕ್ಕೆ ಮುಚ್ಚಿಹೋಗುತ್ತದೆ, ಸೀಳು ತುಂಬಿಕೊಳ್ಳುತ್ತದೆ. 'ಧಾರಾಮುಹೂರ್ತ' ಹೋಗಿ 'ದಾರಾಮುಹೂರ್ತ' ಆಗುತ್ತದೆ. ಬಳ್ಳಿಯಂತೆ ಬಳುಕುವ ಅಲಂಕಾರದ ಫಾಂಟ್‌ಗಳಲ್ಲಿ ಗೆರೆ ಒಂದು ಕಡೆ ಕೂದಲಿನಷ್ಟು ತೆಳು, ಇನ್ನೊಂದು ಕಡೆ ದಪ್ಪ. ಅಲ್ಲಿ ಈ ಅಪಾಯ ಇನ್ನೂ ಹೆಚ್ಚು. ವಧೂವರರ ಹೆಸರಿಗೆ ದೊಡ್ಡದಾಗಿ ಬಳಸಿದರೆ ಅವು ಚೆನ್ನ. ತಿಥಿ, ಲಗ್ನ, ವಿಳಾಸಕ್ಕೆ ನೆಟ್ಟಗಿನ ಸಾದಾ ಅಕ್ಷರವೇ ಸರಿ.

ಕರಡು ನೋಡುವಾಗಲೂ ಮೋಸಹೋಗುವುದುಂಟು. ಅಂಗಡಿಯಲ್ಲಿ ಕೊಡುವ ಕರಡು ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ. ಅದರಲ್ಲಿ ಎಲ್ಲವೂ ಸ್ಪಷ್ಟವಾಗಿರುತ್ತದೆ. ನಿಜವಾದ ಕಾಗದದ ಮೇಲೆ, ನಿಜವಾದ ಮಸಿಯಲ್ಲಿ ಮೊದಲು ಒಂದೇ ಪ್ರತಿ ತೆಗೆಸಿ ನೋಡಬೇಕು. ಇನ್ನೊಂದು ವಿಷಯ: ನೀವು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಯೂನಿಕೋಡ್ ಅಕ್ಷರ. ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಅದನ್ನು ಅಂಟಿಸಿದರೆ ಒತ್ತುಗಳು ಬಿಡಿಬಿಡಿಯಾಗಿ ಚದುರುತ್ತವೆ. ಹಾಗಾಗಿ ಎಷ್ಟೋ ಕಡೆ ಇಡೀ ಒಕ್ಕಣೆಯನ್ನು ಮತ್ತೆ ಕೈಯಿಂದ ಟೈಪ್ ಮಾಡುತ್ತಾರೆ. ನೀವು ಸರಿಯಾಗಿ ಕಳಿಸಿದ್ದು ಸರಿಯಾಗಿಯೇ ಅಚ್ಚಾಗುತ್ತದೆಂಬ ಖಾತ್ರಿ ಇಲ್ಲ. 'ಮುಹೂರ್ತ'ದ ಅರ್ಕಾವತ್ತು ಇದೆಯೇ ಎಂದು ಬೆರಳಿಟ್ಟು ನೋಡಿ.

ಇನ್ನು ಖರ್ಚು. ಲೆಕ್ಕ ತಿಳಿಯಲೆಂದು ದರಗಳನ್ನು ಹೀಗಿಟ್ಟುಕೊಳ್ಳೋಣ: 400 ಕಾಗದ, ಒಂದು ಮಗ್ಗುಲಿಗೆ ಒಂದು ಬಣ್ಣ ಹಾಕಲು 1,200 ರೂಪಾಯಿ. ಮರೂನ್ ಕಾಗದ ಒಂದಕ್ಕೆ 22 ರೂಪಾಯಿಯಾದರೆ ಎರಡು ಮಗ್ಗುಲಿನ ಮುದ್ರಣ ಸೇರಿ 11,200. ದಂತವರ್ಣದ ಸಾದಾ ಕಾಗದ 12 ರೂಪಾಯಿಯದು, ಮುದ್ರಣ ಅಷ್ಟೇ, ಒಟ್ಟು 7,200. ಒಂದು ಮಗ್ಗುಲಲ್ಲಿ ಹೆಸರಿಗೆ ಮಾತ್ರ ಕೆಂಪು ಬೇಕೆಂದರೆ ಮತ್ತೊಂದು ಸ್ಕ್ರೀನ್, ಮತ್ತೊಂದು ಸುತ್ತು, ಇನ್ನೂ 1,200. ಎರಡಕ್ಷರ ಕೆಂಪಾದರೂ ಇಪ್ಪತ್ತು ಸಾಲು ಕೆಂಪಾದರೂ ಖರ್ಚು ಒಂದೇ.

ಜನ ಎಡವುವುದು ಸಂಖ್ಯೆಯಲ್ಲಿ. ಮೊದಲೇ 450 ಹೇಳಿದ್ದರೆ ಆ 50ಕ್ಕೆ ಬೀಳುವುದು ಹೆಚ್ಚಾಗಿ ಕಾಗದದ ಬೆಲೆ, 600 ರೂಪಾಯಿ. ಸ್ಕ್ರೀನ್ ತೊಳೆದ ಮೇಲೆ ನೆಂಟರು ನೆನಪಾದರೆ ಸ್ಕ್ರೀನ್ ಹೊಸದಾಗಿ ಮಾಡಬೇಕು. ಮುದ್ರಣದ 2,400 ಪೂರ್ತಿ ಹಾಕಿದರೆ ಅದೇ 50 ಕಾಗದಕ್ಕೆ 3,000.

ದಂತವರ್ಣದ ಕಾಗದದ ಮೇಲೆ ಗಾಢ ಕೆಂಗಂದು ಅಕ್ಷರ ಎಂದು ತೀರ್ಮಾನವಾಯಿತು. ಅತ್ತಿಗೆಯ ಮುಖ ನೋಡಲಾಗದೆ, ಲಕೋಟೆಯನ್ನಾದರೂ ಮರೂನ್ ತೆಗೆದುಕೊಳ್ಳೋಣ ಎಂದೆ. ಅವರು ಒಂದನ್ನು ಕೈಗೆತ್ತಿಕೊಂಡು, ಬ್ಯಾಗಿನಿಂದ ನೀಲಿ ಪೆನ್ನು ತೆಗೆದು ಮೂಲೆಯಲ್ಲಿ ಗೀಚಿ ನೋಡಿದರು. ಗೀಚಿದ್ದು ಕಾಣಲಿಲ್ಲ. "ಇದರ ಮೇಲೆ ನೆಂಟರ ಹೆಸರು ಹೇಗೆ ಬರೆಯೋದು?" ಎಂದು ಅವರೇ ಅಂಗಡಿಯವರನ್ನು ಕೇಳಿದರು.