ಸದ್ದಡಗದ ಸೈಲೆನ್ಸರ್

ಸಿನಿಮಾದಲ್ಲಿ ಖಳನಾಯಕ ಪಿಸ್ತೂಲಿನ ತುದಿಗೆ ಒಂದು ಕೊಳವೆ ತಿರುಗಿಸಿ ಗುಂಡು ಹಾರಿಸುತ್ತಾನೆ. ‘ಪುಸ್’ ಎಂದು ಸದ್ದಾಗುತ್ತದೆ, ಪಕ್ಕದ ಕೋಣೆಯವರಿಗೂ ಗೊತ್ತಾಗುವುದಿಲ್ಲ. ನಿಜವಾದ ಬಂದೂಕಿನಲ್ಲಿ ಹೀಗಾಗುವುದಿಲ್ಲ. ಏಕೆ ಎಂದು ತಿಳಿಯಲು ಆ ಸದ್ದು ಎಲ್ಲಿಂದ ಹುಟ್ಟುತ್ತದೆ ಎಂಬಲ್ಲಿಂದಲೇ ಹೊರಡಬೇಕು.

ಕುದುರೆ ಎಳೆದಾಗ ತೋಟಾದೊಳಗಿನ ಮದ್ದು ಕ್ಷಣಮಾತ್ರದಲ್ಲಿ ಉರಿದು ಅನಿಲವಾಗುತ್ತದೆ. ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುವುದು ಈ ಅನಿಲವೇ. ಗುಂಡು ಬಾಯಿ ದಾಟುವ ಹೊತ್ತಿಗೂ ರೈಫಲ್ಲಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಹೆಚ್ಚಿರುತ್ತದೆ, ಬಿಸಿಯೂ ವಿಪರೀತ. ಇಷ್ಟು ಹೊತ್ತು ಗುಂಡು ಬಿರಡೆಯಂತೆ ತಡೆದಿದ್ದ ಅನಿಲ ಒಮ್ಮೆಲೇ ಹೊರಗೆ ನುಗ್ಗಿ ಸುತ್ತಲ ಗಾಳಿಯನ್ನು ಅಪ್ಪಳಿಸುತ್ತದೆ. ನಮಗೆ ಕೇಳುವ ‘ಢಂ’ ಬಹುಪಾಲು ಅದೇ.

ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಇದಕ್ಕೊಂದು ಉಪಾಯದ ಪೇಟೆಂಟ್ ಪಡೆದರು. ಮಷಿನ್‌ಗನ್ ರೂಪಿಸಿದ ಹೈರಮ್ ಮ್ಯಾಕ್ಸಿಮ್ ಅವರ ಮಗ ಇವರು. ಮೋಟಾರು ಎಂಜಿನ್ನಿನ ಹೊಗೆಕೊಳವೆಯ ಸದ್ದಿಗೂ ಬಂದೂಕಿನ ಸದ್ದಿಗೂ ಮೂಲ ಒಂದೇ, ಹಠಾತ್ತನೆ ಬಿಡುಗಡೆಯಾಗುವ ಬಿಸಿ ಅನಿಲ. ನಮ್ಮ ಬೈಕಿನ ಸೈಲೆನ್ಸರ್ ಮತ್ತು ಬಂದೂಕಿನ ಸೈಲೆನ್ಸರ್ ಎರಡೂ ನಂಬಿರುವ ತತ್ವವೂ ಹಾಗಾಗಿ ಒಂದೇ.

ನಳಿಗೆಯ ತುದಿಗೆ ಜೋಡಿಸುವ ಈ ಲೋಹದ ಡಬ್ಬಿಯೊಳಗೆ ಸಾಲಾಗಿ ಅಡ್ಡಗೋಡೆಗಳು, ಅವುಗಳ ನಡುವೆ ಪುಟ್ಟ ಕೋಣೆಗಳು ಇರುತ್ತವೆ. ಪ್ರತಿ ಗೋಡೆಯ ನಡುವಿನ ರಂಧ್ರದಲ್ಲಿ ಗುಂಡು ನೇರ ಹಾದುಹೋಗುತ್ತದೆ. ಹಿಂದೆ ಬರುವ ಅನಿಲ ಮಾತ್ರ ಕೋಣೆಗಳಲ್ಲಿ ಹರಡಿ, ಗೋಡೆಗೆ ಬಡಿದು, ಸುಳಿ ಸುತ್ತಿ ತಡವಾಗುತ್ತದೆ. ಹರಡಿದಾಗ ಒತ್ತಡ ಇಳಿಯುತ್ತದೆ. ಶಾಖ ಲೋಹಕ್ಕೆ ಸೇರಿ ಅನಿಲ ತಣಿದಾಗ ಒತ್ತಡ ಇನ್ನಷ್ಟು ಕುಗ್ಗುತ್ತದೆ. ಒಂದೇ ಏಟಿಗೆ ಹೊರಬೀಳಬೇಕಿದ್ದ ಅನಿಲ ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ.

ಅನಿಲ ಬಿಟ್ಟ ಶಾಖವೆಲ್ಲ ಡಬ್ಬಿಯಲ್ಲೇ ಉಳಿಯುವುದರಿಂದ ಒಂದರ ಹಿಂದೊಂದು ಗುಂಡು ಹಾರಿಸಿದರೆ ಅದು ಕೈ ಮುಟ್ಟಲಾರದಷ್ಟು ಕಾಯುತ್ತದೆ. ಮೊದಲ ಗುಂಡಿನ ಸದ್ದು ಮುಂದಿನವುಗಳಿಗಿಂತ ಜೋರಾಗಿ ಕೇಳುವುದೂ ಉಂಟು. ಖಾಲಿ ಡಬ್ಬಿಯಲ್ಲಿದ್ದ ಗಾಳಿಯ ಆಮ್ಲಜನಕ ಸಿಕ್ಕು ಪೂರ್ತಿ ಉರಿಯದ ಅನಿಲ ಒಳಗೇ ಹೊತ್ತಿಕೊಳ್ಳುವುದು ಇದಕ್ಕೆ ಕಾರಣ. ಆ ಆಮ್ಲಜನಕ ಮುಗಿದ ಮೇಲೆ ಸದ್ದು ತುಸು ಇಳಿಯುತ್ತದೆ.

ಒಟ್ಟು ಎಷ್ಟು ತಗ್ಗುತ್ತದೆ? ಸೈನಿಕರು ಬಳಸುವ 5.56 ಮಿಲಿಮೀಟರ್ ರೈಫಲ್ಲಿನ ಸದ್ದು ಬಾಯಿಯ ಬಳಿ ಸುಮಾರು 165 ಡೆಸಿಬಲ್. ಒಳ್ಳೆಯ ಸೈಲೆನ್ಸರ್ ಅದರಲ್ಲಿ 30ರಷ್ಟು ಇಳಿಸಬಲ್ಲದು. ಡೆಸಿಬಲ್ ಲೆಕ್ಕದಲ್ಲಿ 30 ಇಳಿದರೆ ಧ್ವನಿಯ ಒತ್ತಡ ಮೂವತ್ತರಲ್ಲೊಂದು ಪಾಲಿಗೆ ಇಳಿದಂತೆ. ಸಾಧನೆ ದೊಡ್ಡದೇ, ಆದರೆ ಉಳಿದದ್ದು 135. ನಮ್ಮ ದೇಶದಲ್ಲಿ 4 ಮೀಟರ್ ದೂರದಿಂದ ಅಳೆದಾಗ 145 ಡೆಸಿಬಲ್ ಗರಿಷ್ಠ ಮಟ್ಟ ದಾಟುವ ಪಟಾಕಿಗೆ ನಿಷೇಧವಿದೆ. ಅಂದರೆ ಸೈಲೆನ್ಸರ್ ಹಾಕಿದ ರೈಫಲ್ ಬಂದು ನಿಲ್ಲುವುದು ಪಿಸುಮಾತಿನ ಸಾಲಿನಲ್ಲಲ್ಲ, ಪಟಾಕಿಯ ಸಾಲಿನಲ್ಲಿ.

ಇದರ ಜೊತೆಗೆ ಡಬ್ಬಿಯ ಕೈಗೆ ಸಿಗದ ಸದ್ದುಗಳಿವೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಈ ರೈಫಲ್ಲಿನ ಗುಂಡಿನ ವೇಗ ಸುಮಾರು 900. ಶಬ್ದವನ್ನೂ ಹಿಂದಿಕ್ಕಿ ಓಡುವ ಗುಂಡು ದಾರಿಯುದ್ದಕ್ಕೂ ಆಘಾತ ತರಂಗ ಎಬ್ಬಿಸುತ್ತದೆ. ಚಾವಟಿ ಬೀಸಿದಂಥ ಆ ‘ಛಟ್’ ಹುಟ್ಟುವುದು ಬಂದೂಕಿನಲ್ಲಲ್ಲ, ಹಾರುತ್ತಿರುವ ಗುಂಡಿನಿಂದ. ನಳಿಗೆಗೆ ಏನೇ ಕಟ್ಟಿದರೂ ಅದು ನಿಲ್ಲದು. ಯಂತ್ರಭಾಗಗಳ ಬಡಿತ, ಗುಂಡು ಗುರಿಗೆ ತಗಲುವ ಸದ್ದು ಬೇರೆ.

ಹಾಗಾದರೆ ಗುಂಡನ್ನೇ ನಿಧಾನ ಮಾಡಿದರೆ? ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಕಮಾಂಡೊಗಳಿಗಾಗಿ ತಯಾರಾದ ಡಿ ಲೈಲ್ ಕಾರ್ಬೈನ್ ಇದೇ ದಾರಿ ಹಿಡಿಯಿತು. ಲೀ-ಎನ್‌ಫೀಲ್ಡ್ ರೈಫಲ್ಲಿನ ಮೈಗೆ .45 ಪಿಸ್ತೂಲಿನ ತೋಟಾ ಹೊಂದಿಸಿ, ನಳಿಗೆಯನ್ನೇ ದಪ್ಪ ಸೈಲೆನ್ಸರಿನೊಳಗೆ ಇಟ್ಟರು. ಗುಂಡಿನ ವೇಗ ಸೆಕೆಂಡಿಗೆ ಸುಮಾರು 250 ಮೀಟರ್ ಮಾತ್ರವಾದ್ದರಿಂದ ‘ಛಟ್’ ಇಲ್ಲ. ತಾನಾಗಿ ತೋಟಾ ತುಂಬಿಕೊಳ್ಳುವ ಯಂತ್ರವಿಲ್ಲವಾದ್ದರಿಂದ ಗುಂಡು ಹಾರುವಾಗ ಲೋಹದ ಬಡಿತವೂ ಇಲ್ಲ. ಅತ್ಯಂತ ಮೌನದ ಬಂದೂಕುಗಳಲ್ಲಿ ಒಂದೆಂದು ಅದು ಹೆಸರಾಯಿತು. ಆದರೂ ಮುಂದಿನ ತೋಟಾಕ್ಕಾಗಿ ಬೋಲ್ಟ್ ಎಳೆದಾಗಿನ ಖಟಖಟ ತಪ್ಪಲಿಲ್ಲ. ತೆತ್ತ ಬೆಲೆಯೂ ಕಡಿಮೆಯದಲ್ಲ: ಮೂಲ ರೈಫಲ್ಲಿನ ಗುಂಡಿಗಿದ್ದ ಶಕ್ತಿಯಲ್ಲಿ ಹೆಚ್ಚುಕಡಿಮೆ ಏಳನೇ ಒಂದು ಪಾಲು ಮಾತ್ರ ಉಳಿಯಿತು, ದೂರದ ಗುರಿಯ ಆಸೆ ಬಿಡಬೇಕಾಯಿತು.

ನಾರ್ವೆಯಂಥ ದೇಶಗಳಲ್ಲಿ ಬೇಟೆಗಾರರು ಇಂದು ಸೈಲೆನ್ಸರ್ ಬಳಸುವುದು ಗುಟ್ಟಿಗಲ್ಲ, ಕಿವಿಯ ರಕ್ಷಣೆಗೆ. 140 ಡೆಸಿಬಲ್ ದಾಟಿದ ಒಂದೇ ಹೊಡೆತ ಕೇಳುವ ಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು. 165ರಿಂದ 135ಕ್ಕೆ ಇಳಿಯುವುದೆಂದರೆ ಆ ಗೆರೆಯ ಈಚೆಗೆ ಬರುವುದು. ಅಲ್ಲೂ ಪದೇ ಪದೇ ಗುಂಡು ಹಾರಿಸುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳಲೇಬೇಕು.