ತಂದೆ ಬರೆದ ಬೋರ್ಡು, ಮಗನ ಕಂಪ್ಯೂಟರು

ತಗಡಿನ ಮೇಲೆ ಎನಾಮೆಲ್‌ನಲ್ಲಿ ಬರೆದ ಅಂಗಡಿ ಬೋರ್ಡಿನ ಬಣ್ಣಗಳೆಲ್ಲ ಒಂದೇ ಸಮ ಮಾಸುವುದಿಲ್ಲ. ಹಳೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕೆಂಪು ಮೊದಲು ಸೋಲುತ್ತದೆ, ನೀಲಿ ಹೆಚ್ಚು ಕಾಲ ತಾಳುತ್ತದೆ, ಬಿಳಿ ಪುಡಿಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಬಣ್ಣದ ಕಣಗಳನ್ನು ಹಿಡಿದಿಟ್ಟಿರುವ ರಾಳವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ. ಹಿಡಿತ ತಪ್ಪಿದ ಕಣಗಳನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಆದರೂ ಅಕ್ಷರ ಪೂರ್ತಿ ಅಳಿಯುವುದು ಅಪರೂಪ. ಅಕ್ಷರವಿದ್ದ ಕಡೆ ಒಂದು ಕೋಟು ಹೆಚ್ಚು ಬಣ್ಣ ಬಿದ್ದಿರುತ್ತದೆ. ಅದರ ಅಂಚು ಕೂದಲೆಳೆಯಷ್ಟು ಎತ್ತರದಲ್ಲಿ ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ಮಾಡುವ ದುರಸ್ತಿಯೆಲ್ಲ ಈ ಉಳಿಕೆಯನ್ನು ನಂಬಿಯೇ ನಡೆಯುತ್ತದೆ.

ಒಂದು ಬೋರ್ಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆರು ಅಡಿ ಅಗಲ, ಎರಡು ಅಡಿ ಎತ್ತರ. ನೀಲಿ ಹಿನ್ನೆಲೆ, ಕೆಂಪು ಅಕ್ಷರ, ಹಳದಿ ಶೇಡ್. ಬರೆದಾತ ತೀರಿಕೊಂಡಿದ್ದಾನೆ, ಬೋರ್ಡು ಅವನದೇ ಅಂಗಡಿಯದು. ಕೊನೆಯ ಪದ ‘ಆರ್ಟ್ಸ್’. ಮಗನೂ ಬೋರ್ಡ್ ಬರೆಯುವ ಪೇಂಟರ್. ಫ್ಲೆಕ್ಸ್ ಬಂದು ಬ್ರಷ್‌ನ ಕೆಲಸ ಕಡಿಮೆಯಾದ ಮೇಲೆ ಡಿಸೈನ್ ಮಾಡಲು ಕಂಪ್ಯೂಟರ್ ಕಲಿತವನು. ತಂದೆಯ ಬೋರ್ಡಿಗೆ ಕೈಹಚ್ಚಿದಾಗ ಅವನ ಎರಡೂ ಕಸುಬುಗಳು ಬೇಕಾಗುತ್ತವೆ.

ಮೊದಲ ಕೆಲಸ ತೊಳೆಯದೆ ಬಿಡುವುದು. ಸೋಪುನೀರು ಹಾಕಿ ಉಜ್ಜಿದರೆ ಧೂಳಿನ ಜೊತೆಗೆ ಪುಡಿಯಾದ ಬಣ್ಣವೂ ಬರುತ್ತದೆ. ಅದು ಮರಳಿ ಸಿಗುವಂಥದ್ದಲ್ಲ. ಒಣ ಮೆತ್ತನೆಯ ಬ್ರಷ್‌ನಲ್ಲಿ ಧೂಳು ಕೊಡವಿದರೆ ಸಾಕು. ಆಮೇಲೆ ಎರಡು ಬಗೆಯ ಫೋಟೊ ತೆಗೆಯಬೇಕು. ಮೊದಲನೆಯದು ಬಣ್ಣಕ್ಕಾಗಿ: ನೆರಳಿನಲ್ಲಿ, ಫ್ಲಾಶ್ ಇಲ್ಲದೆ, ಕ್ಯಾಮೆರಾ ಬೋರ್ಡಿಗೆ ನೇರ ಎದುರಾಗಿ, ಮೂಲೆಯಲ್ಲಿ ಒಂದು ಬೂದು ಕಾರ್ಡ್ ಇಟ್ಟು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸುಮಾರು 6000 ಪಿಕ್ಸೆಲ್ ಅಗಲವಿರುತ್ತದೆ. ಆರಡಿ ಎಂದರೆ 72 ಇಂಚು, ಅಂದರೆ ಇಂಚಿಗೆ 83 ಪಿಕ್ಸೆಲ್. ಒಂದು ಮಿಲಿಮೀಟರ್ ಅಗಲದ ಬ್ರಷ್ ಗೆರೆಗೆ ಮೂರೇ ಪಿಕ್ಸೆಲ್ ಸಿಕ್ಕಂತಾಯಿತು. ಇದು ಸಾಲದೆನಿಸಿದರೆ ಬೋರ್ಡನ್ನು ಭಾಗ ಮಾಡಿ, ಒಂದರ ಅಂಚು ಇನ್ನೊಂದರಲ್ಲೂ ಬರುವಂತೆ ತೆಗೆದು ಜೋಡಿಸಬೇಕು.

ಎರಡನೆಯ ಫೋಟೊ ಅಂಚುಗಳಿಗಾಗಿ. ಕ್ಯಾಮೆರಾ ಕದಲಿಸದೆ, ಕತ್ತಲಾದ ಮೇಲೆ, ಬೋರ್ಡಿನ ಮೈಗೆ ತಾಗಿದಂತೆ ಪಕ್ಕದಿಂದ ಟಾರ್ಚ್ ಹಿಡಿದು ತೆಗೆಯುವುದು. ಹಗಲಿನಲ್ಲಿ ಕಾಣದ ಎನಾಮೆಲ್‌ನ ಏರು ಆಗ ಸಣ್ಣ ನೆರಳು ಚೆಲ್ಲುತ್ತದೆ. ಟಾರ್ಚನ್ನು ಎಡಕ್ಕೊಮ್ಮೆ, ಮೇಲಕ್ಕೊಮ್ಮೆ ಹಿಡಿಯಬೇಕು. ಬೆಳಕು ಬಂದ ದಿಕ್ಕಿಗೇ ಚಾಚಿದ ಗೆರೆಗಳು ನೆರಳು ಬೀಳದೆ ತಪ್ಪಿಸಿಕೊಳ್ಳುತ್ತವೆ.

ಚಿತ್ರವನ್ನು ಕಂಪ್ಯೂಟರಿಗೆ ತಂದು ಓರೆ ತಿದ್ದಿದ ಮೇಲೆ ಹೆಚ್ಚಿನವರು ನೇರವಾಗಿ ಬಣ್ಣ ಗಾಢಮಾಡಲು ಹೋಗುತ್ತಾರೆ. ಅದಕ್ಕಿಂತ ಮುಂಚೆ ಮಾಡಬೇಕಾದದ್ದು ಚಿತ್ರವನ್ನು ಅದರ ಚಾನೆಲ್‌ಗಳಾಗಿ ಬಿಡಿಸುವುದು. ಡಿಜಿಟಲ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಕಪ್ಪುಬಿಳುಪು ಚಿತ್ರಗಳು ಒಂದರ ಮೇಲೊಂದು ಕೂತಿರುತ್ತವೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ Colors > Components > Decompose ಎಂಬಲ್ಲಿ ಇವನ್ನು ಬೇರೆ ಮಾಡಬಹುದು. ಮಾಸಿದ ಕೆಂಪೂ ಮಾಸಿದ ನೀಲಿಯೂ ಬರಿಗಣ್ಣಿಗೆ ಹೆಚ್ಚುಕಡಿಮೆ ಒಂದೇ ಬೂದು. ಕೆಂಪು ಚಾನೆಲ್‌ನಲ್ಲಿ ಮಾತ್ರ ಅಕ್ಷರದ ಬೆಲೆ 190ರ ಹತ್ತಿರ, ಹಿನ್ನೆಲೆಯದು 140ರ ಹತ್ತಿರ ಇರಬಹುದು. ಅಲ್ಲಿ ಅಕ್ಷರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಹಳದಿ ಶೇಡ್ ಹುಡುಕುವುದಕ್ಕೆ ನೀಲಿ ಚಾನೆಲ್ ನೋಡಬೇಕು. ಹಳದಿ ಅಲ್ಲಿ ಕಪ್ಪಾಗಿ ಕಾಣುತ್ತದೆ.

ಹೀಗೆ ಸಿಕ್ಕ ವ್ಯತ್ಯಾಸವನ್ನು Curves ಬಳಸಿ ಹಿಗ್ಗಿಸಬಹುದು, ಆದರೆ ಅದಕ್ಕೊಂದು ಮಿತಿ ಇದೆ. ಮೊಬೈಲ್ ಕೊಡುವ ಮಾಮೂಲಿ ಜೆಪೆಗ್ ಚಿತ್ರದಲ್ಲಿ ಪ್ರತಿ ಚಾನೆಲ್‌ಗೆ 256 ಹಂತ. ತೀರಾ ಮಾಸಿದ ಕಡೆ ಅಕ್ಷರಕ್ಕೂ ಹಿನ್ನೆಲೆಗೂ ಹತ್ತೇ ಹಂತದ ಅಂತರವಿದ್ದರೆ, ಎಷ್ಟು ಎಳೆದರೂ ಹತ್ತೇ ಮೆಟ್ಟಿಲು. ಬಣ್ಣ ಪಟ್ಟೆಪಟ್ಟೆಯಾಗುತ್ತದೆ, ಜೆಪೆಗ್‌ನ ಚೌಕಗಳು ಮೇಲೆದ್ದು ಅಕ್ಷರದ ಅಂಚಿನಂತೆ ನಟಿಸುತ್ತವೆ. ನೇರ ಅಡ್ಡಗೆರೆ ಮತ್ತು ಲಂಬಗೆರೆಗಳಲ್ಲೇ ಕಾಣುವ ಅಂಚು ಬ್ರಷ್‌ನದಲ್ಲ, ಫೈಲಿನದು ಎಂದು ಗುರುತಿಸಬಹುದು. ಕ್ಯಾಮೆರಾದಲ್ಲಿ ರಾ ಫೈಲ್ ತೆಗೆದು 16 ಬಿಟ್‌ನಲ್ಲಿ ಕೆಲಸ ಮಾಡಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಇಷ್ಟಾದರೂ ಕೆಲವು ಕಡೆ ಏನೂ ಉಳಿದಿರುವುದಿಲ್ಲ, ಮತ್ತು ಕನ್ನಡ ಬೋರ್ಡಿನಲ್ಲಿ ಆ ಜಾಗ ಬಹಳ ಸಲ ಒತ್ತಕ್ಷರದ್ದೇ. ಮಳೆನೀರು ಇಳಿದು ಕೆಳಗಿನ ಅಂಚಿನಲ್ಲಿ ತಂಗುತ್ತದೆ, ತುಕ್ಕು ಅಲ್ಲಿಂದ ಮೇಲಕ್ಕೆ ಹತ್ತುತ್ತದೆ. ‘ಆರ್ಟ್ಸ್’ನ ಟಕಾರ ಚೆನ್ನಾಗಿದ್ದು ಅದರಡಿಯ ಸಕಾರದ ಒತ್ತು ತುಕ್ಕಿಗೆ ಹೋಗಿರುತ್ತದೆ. ಆಗ ಬೇರೆ ಅಕ್ಷರದಿಂದ ತುಣುಕು ತಂದು ಅಂಟಿಸುವ, ಇಲ್ಲವೇ ಯಾವುದೋ ಫಾಂಟಿನ ಒತ್ತು ತಂದು ಕೂರಿಸುವ ಆಸೆಯಾಗುತ್ತದೆ. ಫಾಂಟ್ ಇಲ್ಲಿ ಹೊಂದುವುದಿಲ್ಲ. ಬೀದಿ ಪೇಂಟರ್‌ಗಳ ಬರಹವನ್ನು ಫಾಂಟುಗಳಾಗಿ ಉಳಿಸಲು ಹನೀಫ್ ಕುರೇಶಿ ಆರಂಭಿಸಿದ ‘ಹ್ಯಾಂಡ್‌ಪೇಂಟೆಡ್‌ಟೈಪ್’ ದೊಡ್ಡ ಕೆಲಸ ನಿಜ. ಆದರೆ ಫಾಂಟಿನಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ಒಂದೇ ರೂಪ. ಕೈಬರಹದ ಬೋರ್ಡಿನಲ್ಲಿ ಜಾಗ ನೋಡಿಕೊಂಡು ಒತ್ತು ಹಿಗ್ಗುತ್ತದೆ, ಕುಗ್ಗುತ್ತದೆ, ಪಕ್ಕದ ಅರ್ಕಾವೊತ್ತಿಗೆ ದಾರಿ ಬಿಟ್ಟು ಸರಿಯುತ್ತದೆ.

ಇಲ್ಲಿ ಮಗನ ಬ್ರಷ್ ಅನುಭವ ಕೆಲಸಕ್ಕೆ ಬರುತ್ತದೆ. ಚಪ್ಪಟೆ ಬ್ರಷ್ ಎಲ್ಲಿ ಊರಿ ಎಲ್ಲಿ ತಿರುಗಿತು ಎಂಬುದನ್ನು ಉಳಿದ ಅಕ್ಷರಗಳು ಹೇಳುತ್ತವೆ. ಟಾರ್ಚ್ ಫೋಟೊದಲ್ಲಿ ಒತ್ತಿನ ಆರಂಭದ ಅರ್ಧ ಇಂಚು ಕಂಡರೆ, ಬ್ರಷ್‌ನ ಅಗಲವೂ ಹೊರಟ ದಿಕ್ಕೂ ಸಿಕ್ಕಂತೆ. ಅದೇ ಅಗಲದಲ್ಲಿ ಅವನು ಮೊದಲು ಕಾಗದದ ಮೇಲೆ ಬರೆದು ನೋಡಿ, ಆಮೇಲೆ ಹೊಸ ಲೇಯರ್‌ನಲ್ಲಿ ಬಿಡಿಸುತ್ತಾನೆ. ಈ ಲೇಯರ್ ಬೇರೆಯಾಗಿಯೇ ಇರಬೇಕು. ಒಂದರಲ್ಲಿ ಫೋಟೊದಿಂದ ಸಿಕ್ಕದ್ದು, ಇನ್ನೊಂದರಲ್ಲಿ ಊಹಿಸಿ ತುಂಬಿದ್ದು. ಎರಡನ್ನೂ ಬೆರೆಸಿ ಉಳಿಸಿದರೆ ಯಾವುದು ತಂದೆಯದು, ಯಾವುದು ಮಗನದು ಎಂದು ಮುಂದೆ ಅವನಿಗೇ ತಿಳಿಯದು. ಕೆಳಮೂಲೆಯಲ್ಲಿ ತಂದೆ ಹಾಕಿದ್ದ ಸಹಿಯ ಎರಡು ಗೀಟು ಮಾತ್ರ ಕಂಡರೆ ಎರಡನ್ನೇ ಬಿಡುವುದು ಸರಿ. ಒತ್ತನ್ನು ಕನ್ನಡ ಬಲ್ಲವರು ತುಂಬಬಹುದು, ಸಹಿಯನ್ನು ಹಾಗೆ ತುಂಬಲಾಗದು.

ತಿದ್ದುವ ಕೈ ಹೆಚ್ಚಾದರೂ ಬೋರ್ಡು ಕೆಡುತ್ತದೆ. Heal ಉಪಕರಣದಿಂದ ತುಕ್ಕಿನ ಚುಕ್ಕೆ ತೆಗೆಯುತ್ತಾ ಹೋದರೆ ಬ್ರಷ್ ಕೂದಲಿನ ಗೆರೆಗಳೂ ಒರೆಸಿಹೋಗುತ್ತವೆ. Clone ಹೆಚ್ಚಾಗಿ ಬಳಸಿದರೆ ಒಂದೇ ಕಲೆ ನಾಲ್ಕು ಕಡೆ ಕಾಣಿಸಿಕೊಳ್ಳುತ್ತದೆ. ಚಿತ್ರವನ್ನು ಅಡ್ಡಡ್ಡ ತಿರುಗಿಸಿ ದೂರದಿಂದ ನೋಡಿದರೆ ಇಂಥ ಪುನರಾವರ್ತನೆ ಬೇಗ ಕಣ್ಣಿಗೆ ಬೀಳುತ್ತದೆ.

ಮೂಲ ಬಣ್ಣ ಯಾವುದಿತ್ತು ಎಂಬುದಕ್ಕೆ ನೆನಪಿಗಿಂತ ಒಳ್ಳೆಯ ಸಾಕ್ಷಿ ಮರದ ಫ್ರೇಮಿನ ಅಡಿಯಲ್ಲಿರುತ್ತದೆ. ಬೋರ್ಡು ಬರೆದ ಮೇಲೆ ಫ್ರೇಮ್ ಹೊಡೆದಿದ್ದರೆ, ಒಂದು ಪಟ್ಟಿ ಬಿಚ್ಚಿದಾಗ ಬಿಸಿಲು ಕಾಣದ ನೀಲಿ ಹೊಸದರಂತೆ ಸಿಗುತ್ತದೆ. ಅಕ್ಷರ ಅಂಚಿನವರೆಗೆ ಹೋಗದ್ದರಿಂದ ಕೆಂಪಿಗೆ ಈ ಅನುಕೂಲವಿಲ್ಲ. ಯಾವುದಾದರೂ ಮೊಳೆಯ ತಲೆಯಡಿ, ಕ್ಲಾಂಪಿನಡಿ ಹುಡುಕಬೇಕು. ಪರದೆಯ ಮೇಲೆ ಹೊಂದಿಸಿದ ಬಣ್ಣ ಫ್ಲೆಕ್ಸ್ ಪ್ರಿಂಟಿನಲ್ಲಿ ಹಾಗೇ ಬರುತ್ತದೆಂಬ ಭರವಸೆಯೂ ಬೇಡ. ಗಾಢ ನೀಲಿ ಪ್ರಿಂಟಿನಲ್ಲಿ ಬಹಳ ಸಲ ನೇರಳೆಯತ್ತ ವಾಲುತ್ತದೆ, ಅದಕ್ಕೆ ಮೊದಲು ಅಂಗೈಯಗಲ ಪ್ರಿಂಟ್ ತೆಗೆಸಿ ಆ ನೀಲಿಯ ಪಕ್ಕ ಇಟ್ಟು ನೋಡಬೇಕು.

ಬೋರ್ಡು ಮತ್ತೆ ಬಾಗಿಲ ಮೇಲೇರಬೇಕಿದ್ದರೆ ಫ್ಲೆಕ್ಸ್‌ನ ಅಗತ್ಯವೇ ಇಲ್ಲ. ತಿದ್ದಿದ ಅಕ್ಷರಗಳ ಗೆರೆಯನ್ನಷ್ಟೇ ನಿಜ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ಮಾಡಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಹೊಸ ತಗಡಿನ ಮೇಲಿಟ್ಟು ಬಟ್ಟೆಗಂಟಿನಲ್ಲಿ ಚಾಕ್‌ಪುಡಿ ತಟ್ಟಿದರೆ ಚುಕ್ಕೆಚುಕ್ಕೆಯಾಗಿ ಅಕ್ಷರ ಇಳಿಯುತ್ತದೆ. ತಗಡಿಗೆ ರೆಡ್ ಆಕ್ಸೈಡ್, ಅದರ ಮೇಲೆ ನೀಲಿ ಮೊದಲೇ ಬಿದ್ದು ಒಣಗಿರಬೇಕು. ಚುಕ್ಕೆಗಳ ಮೇಲೆ ಮಗ ಎನಾಮೆಲ್‌ನಲ್ಲಿ ಬರೆಯುತ್ತಾನೆ. ಹಳೆಯ ತಗಡು ಅಂಗಡಿಯೊಳಗೆ, ಬಿಸಿಲು ತಾಗದ ಗೋಡೆಗೆ ಹೋಗುತ್ತದೆ. ರಾ ಫೈಲುಗಳೂ ಲೇಯರ್ ಇರುವ ಫೈಲೂ ಎರಡು ಬೇರೆ ಡ್ರೈವ್‌ಗಳಲ್ಲಿ ಉಳಿಯುತ್ತವೆ.