ನಾಗಮಂಗಲಕ್ಕೆ ಸಕ್ಕರೆ ಕಾರ್ಖಾನೆ ಯಾಕೆ ಬರಲಿಲ್ಲ?

ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲೂ ಇದೆ. ಶ್ರೀರಂಗಪಟ್ಟಣದ ಪಾಲಹಳ್ಳಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಒಂದಿತ್ತು. ಅಕ್ಕಪಕ್ಕದ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಗಮಂಗಲಕ್ಕೆ ಮಾತ್ರ ಆ ಭಾಗ್ಯ ಒದಗಲಿಲ್ಲ. ರಾಜಕಾರಣಿಗಳ ಹೆಸರು ಹೇಳಿ ಇದಕ್ಕೆ ಕಾರಣ ಕೊಡುವವರಿದ್ದಾರೆ. ಆದರೆ ಅದಕ್ಕಿಂತ ಹಳೆಯ ಕಾರಣವೊಂದು ಕಬ್ಬಿನ ಜಲ್ಲೆಯಲ್ಲೇ ಇದೆ.

ಹತ್ತು ಟನ್ ಕಬ್ಬು ಹೇರಿಕೊಂಡು ಬಂದ ಒಂದು ಟ್ರ್ಯಾಕ್ಟರನ್ನೇ ನೋಡೋಣ. ಆ ಹೊರೆಯ ಏಳು ಟನ್ನಿನಷ್ಟು ಬರೀ ನೀರು. ಅರೆದು, ಕಾಯಿಸಿ, ಹರಳುಗಟ್ಟಿಸಿದ ಮೇಲೆ ಚೀಲಕ್ಕೆ ಬೀಳುವ ಸಕ್ಕರೆ ಸುಮಾರು ಒಂದು ಟನ್. ಮೂರು ಟನ್ನಿನಷ್ಟು ಹಸಿ ಸಿಪ್ಪೆ ಉಳಿಯುತ್ತದೆ. ನಾಲ್ಕೈದು ಕ್ವಿಂಟಲ್ ಕಾಕಂಬಿ ಸಿಗುತ್ತದೆ. ಮಿಕ್ಕದ್ದರಲ್ಲಿ ಒಂದಿಷ್ಟು ಮಡ್ಡಿಯಾಗಿ ಹೊಲಕ್ಕೆ ಗೊಬ್ಬರವಾದರೆ, ಬಹುಪಾಲು ನೀರಾಗಿ, ಹಬೆಯಾಗಿ ಹೋಗುತ್ತದೆ. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಕಟ್ಟಿದ್ದರೆ, ಒಂದು ಟನ್ ಸಕ್ಕರೆಗಾಗಿ ಹತ್ತು ಟನ್ ಕಬ್ಬನ್ನು ನೂರು ಕಿಲೋಮೀಟರ್ ಸಾಗಿಸಬೇಕಾಗುತ್ತಿತ್ತು. ಗದ್ದೆಯ ಬಳಿ ಕಟ್ಟಿದರೆ ಅದೇ ರಸ್ತೆಯಲ್ಲಿ ಒಂದು ಟನ್ ಹೋದರೆ ಸಾಕು. ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾವಸ್ತು ಕಾರ್ಖಾನೆಯನ್ನು ತನ್ನ ಬಳಿಗೆ ಎಳೆದುಕೊಳ್ಳುತ್ತದೆ. ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ವೇಬರ್ 1909ರಲ್ಲಿ ಸಿದ್ಧಾಂತವಾಗಿ ಬರೆದದ್ದೂ ಈ ಲೆಕ್ಕವನ್ನೇ.

ಗಡಿಯಾರದ ಲೆಕ್ಕ

ತೂಕದ ಜೊತೆಗೆ ಹೊತ್ತಿನ ಲೆಕ್ಕವೂ ಇದೆ. ಕಡಿದ ಕಬ್ಬು ಸುಮ್ಮನೆ ಬಿದ್ದಿರುವುದಿಲ್ಲ. ಬಿಸಿಲಿಗೆ ನೀರು ಆರಿ ದಿನದಿನಕ್ಕೂ ತೂಕ ಇಳಿಯುತ್ತದೆ. ಒಳಗೆ, ಹರಳುಗಟ್ಟುವ ಸಕ್ಕರೆ ಒಡೆದು ಹರಳುಗಟ್ಟದ ಸಕ್ಕರೆಯಾಗುತ್ತ ಹೋಗುತ್ತದೆ. ಕಡಿದ ತುದಿಯಿಂದ ಸೂಕ್ಷ್ಮಜೀವಿಗಳು ನುಗ್ಗಿ ರಸವನ್ನು ಹುಳಿಯಾಗಿಸುತ್ತವೆ. ಆದ್ದರಿಂದಲೇ ಕಡಿದ ದಿನವೇ, ತಪ್ಪಿದರೆ ಮಾರನೆಯ ದಿನ ಕಬ್ಬು ಅರೆಯಬೇಕು ಅನ್ನುವುದು. ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳು ಎರಡು ದಿನ ಸಾಲುಗಟ್ಟಿ ನಿಂತರೆ ರೈತನಿಗೆ ತೂಕದಲ್ಲಿ ನಷ್ಟ, ಕಾರ್ಖಾನೆಗೆ ಇಳುವರಿಯಲ್ಲಿ ನಷ್ಟ. ಕೇಂದ್ರ ಸರ್ಕಾರ ನಿಗದಿ ಮಾಡುವ ಕಬ್ಬಿನ ದರವೂ ಸಕ್ಕರೆ ಇಳುವರಿಗೇ ಗಂಟುಬಿದ್ದಿರುವುದರಿಂದ, ಆ ನಷ್ಟ ಕೊನೆಗೆ ಇಬ್ಬರ ಲೆಕ್ಕಕ್ಕೂ ಬರುತ್ತದೆ.

ಬೇರೆ ಉದ್ದಿಮೆಗಳನ್ನು ಕಲ್ಲಿದ್ದಲು ತನ್ನತ್ತ ಎಳೆಯಬಹುದು. ಇಲ್ಲಿ ಆ ಎಳೆತವೂ ಇಲ್ಲ, ಕಬ್ಬಿನ ಸಿಪ್ಪೆಯೇ ಬಾಯ್ಲರಿಗೆ ಉರುವಲು. ದಿನಕ್ಕೆ 2500 ಟನ್ ಅರೆಯುವ ಕಾರ್ಖಾನೆಗೆ ಹತ್ತು ಟನ್ನಿನ 250 ಹೊರೆ ದಿನವೂ ಬೀಳಬೇಕು. ಅಷ್ಟು ಕಬ್ಬು ಸುತ್ತಲಿನ ಹಳ್ಳಿಗಳಲ್ಲೇ ಬೆಳೆಯಬೇಕು. ಕಬ್ಬು ಬೇಕೆಂದರೆ ನೀರು ಬೇಕು. ನಾಗಮಂಗಲದ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ.

ಕನ್ನಂಬಾಡಿ ಕಟ್ಟೆ ಮುಗಿದು, ಆಗ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದದ್ದು 1930ರ ದಶಕದ ಆರಂಭದಲ್ಲಿ. ಅದರ ಬೆನ್ನಿಗೇ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಪಾಂಡವಪುರದ ಸಹಕಾರಿ ಕಾರ್ಖಾನೆ ಬಂದದ್ದು ಅದರ ನಂತರ. ಮಾಕವಳ್ಳಿಯ ಸುತ್ತ ಹೇಮಾವತಿಯ ನೀರಿದೆ. ನಾಗಮಂಗಲವೋ ಬಹುಮಟ್ಟಿಗೆ ಕೆರೆ, ಕೊಳವೆಬಾವಿ, ರಾಗಿ, ತೆಂಗು ನೆಚ್ಚಿಕೊಂಡ ತಾಲ್ಲೂಕು. ಹೇಮಾವತಿ ನಾಲೆ ಬಂದರೂ ಇಡೀ ತಾಲ್ಲೂಕನ್ನು ಗದ್ದೆಯಾಗಿಸುವಷ್ಟು ನೀರು ತರಲಿಲ್ಲ. ನಾಲೆ ಹೋದಲ್ಲಿಗೆ ಕಬ್ಬು ಹೋಯಿತು, ಕಬ್ಬು ಹೋದಲ್ಲಿಗೆ ಚಿಮಣಿ ಹೋಯಿತು.

ಆಲೆಮನೆ ಮತ್ತು ಪಾಲಹಳ್ಳಿ

ಕಾರ್ಖಾನೆಗೂ ಮೊದಲೇ ಈ ಲೆಕ್ಕ ತಿಳಿದಿದ್ದದ್ದು ಆಲೆಮನೆಗೆ. ಗಾಣ, ಕೊಪ್ಪರಿಗೆ, ಒಲೆ ಎಲ್ಲವೂ ಗದ್ದೆಯ ಮಗ್ಗುಲಲ್ಲೇ. ಹಿಂಡಿದ ಸಿಪ್ಪೆಯನ್ನು ಕಣದಲ್ಲಿ ಒಣಗಿಸಿ ಅದನ್ನೇ ಒಲೆಗೆ ತುರುಕುತ್ತಾರೆ. ರಸ ಕುದಿಯುವಾಗ ಸುಣ್ಣ ಹಾಕಿ, ಮೇಲೆ ಬರುವ ಕೊಳೆಯನ್ನು ತೆಗೆಯುತ್ತಾರೆ. ಪಾಕ ಹದಕ್ಕೆ ಬಂದಿತೇ ಎಂದು ನೋಡಲು ತುಸು ತೆಗೆದು ತಣ್ಣೀರಿಗೆ ಬಿಡುತ್ತಾರೆ. ಅದು ಕರಗದೆ ಬೆರಳಿಗೆ ಉಂಡೆಯಾಗಿ ಸಿಕ್ಕಿದರೆ ಕೊಪ್ಪರಿಗೆ ಇಳಿಸುವ ಹೊತ್ತು. ಹತ್ತು ಟನ್ ಕಬ್ಬು ಅಲ್ಲಿಯೇ ಸುಮಾರು ಒಂದು ಟನ್ ಬೆಲ್ಲವಾಗಿ ಅಚ್ಚಿಗೆ ಬೀಳುತ್ತದೆ. ಹೀಗೆ ಹಗುರಾದ ಬೆಲ್ಲ ಎಷ್ಟು ದೂರದ ಮಂಡಿಗೆ ಬೇಕಾದರೂ ಹೋಗಬಹುದು.

ಪಾಲಹಳ್ಳಿಯ ಕಥೆ ಈ ಕಾರಣಕ್ಕೇ ಕುತೂಹಲದ್ದು. 1847ರಲ್ಲಿ ಗ್ರೋವ್ಸ್ ಕಂಪನಿ ಅಲ್ಲಿ ತೆರೆದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುತ್ತಿರಲಿಲ್ಲ, ರೈತರಿಂದ ಬೆಲ್ಲ ಕೊಂಡು ಅದನ್ನು ಶುದ್ಧ ಮಾಡಿ ಸಕ್ಕರೆ ತೆಗೆಯುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಸಕ್ಕರೆಗೆ ಪದಕವೂ ಸಿಕ್ಕಿತು. ತೂಕ ಇಳಿಸುವ ಕೆಲಸವನ್ನು ಆಲೆಮನೆಗಳು ಆಗಲೇ ಮುಗಿಸಿಕೊಟ್ಟಿದ್ದವು. ಆದ್ದರಿಂದ ಅದಕ್ಕೆ ಕಬ್ಬಿನ ಗದ್ದೆಯ ಪಕ್ಕದಲ್ಲೇ ಕೂರಬೇಕೆಂಬ ಕಟ್ಟುಪಾಡು ಅಷ್ಟಾಗಿ ಇರಲಿಲ್ಲ.

ಅದೇ ಸಕ್ಕರೆ, ಬೇರೆ ಜಾಗ

ಈ ಎಳೆ ಹಿಡಿದು ಕಡಲಿನವರೆಗೂ ಹೋಗಬಹುದು. ಆಂಧ್ರದ ಕಾಕಿನಾಡ, ಬಂಗಾಳದ ಹಲ್ದಿಯಾ, ಗುಜರಾತಿನ ಕಾಂಡ್ಲಾದಲ್ಲಿ ಸಕ್ಕರೆ ಶುದ್ಧೀಕರಣ ಘಟಕಗಳಿವೆ. ಇವು ಇರುವುದು ಬಂದರಿನ ಮಗ್ಗುಲಲ್ಲಿ. ಹಡಗಿನಲ್ಲಿ ಬರುವ ಕಂದು ಸಕ್ಕರೆಯನ್ನು ಬಿಳಿ ಮಾಡುವಾಗ ಕಳೆಯುವ ತೂಕ ಬಲು ಕಡಿಮೆ, ಕೆಡುವ ಭಯವೂ ಕಬ್ಬಿನಷ್ಟಿಲ್ಲ. ಅಲ್ಲಿ ದುಬಾರಿಯಾಗುವುದು ಹಡಗಿನಿಂದ ಇಳಿಸಿ ಮತ್ತೆ ಲಾರಿಗೆ ಹೇರುವ ಖರ್ಚು. ಇಳಿಸಿದ ಜಾಗದಲ್ಲೇ ಕಾರ್ಖಾನೆಯಿದ್ದರೆ ಒಂದು ಸಲದ ಹೇರಾಟ ಉಳಿಯುತ್ತದೆ. ಮಂಗಳೂರಿನ ಪಣಂಬೂರಿನ ಬಂದರಿನ ಸುತ್ತ ತೈಲ ಮತ್ತು ಗೊಬ್ಬರದ ಕಾರ್ಖಾನೆಗಳು ಕೂಡಿಕೊಂಡಿರುವುದಕ್ಕೂ ಇದೇ ಕಾರಣ.

ಸಕ್ಕರೆ ತಂಪು ಪಾನೀಯವಾಗುವಾಗ ಲೆಕ್ಕ ತಲೆಕೆಳಗಾಗುತ್ತದೆ. ಒಂದು ಚೀಲ ಸಕ್ಕರೆಗೆ ಹಲವು ಪಟ್ಟು ನೀರು ಸೇರಿ ತೂಕ ಏರುತ್ತದೆ. ಬಾಟಲಿ ತುಂಬುವ ಘಟಕ ಗದ್ದೆಯ ಬಳಿ ಇದ್ದರೆ ನೀರನ್ನು ಲಾರಿಯಲ್ಲಿ ಸಾಗಿಸಿದ ಹಾಗೆ. ಆದ್ದರಿಂದ ಅದು ಕುಡಿಯುವವರ ಊರಿನ ಹತ್ತಿರ, ಬೆಂಗಳೂರಿನ ಮಗ್ಗುಲಿನ ಬಿಡದಿಯಂಥ ಕಡೆ ಕೂರುತ್ತದೆ.

ನಾಗಮಂಗಲಕ್ಕೂ ತನ್ನದೇ ಉದ್ದಿಮೆಯಿದೆ, ಲೋಹದ ಎರಕ. ಅಲ್ಲಿನ ಕುಶಲಕರ್ಮಿಗಳು ಎರಕ ಹೊಯ್ಯುವ ದೇವರ ವಿಗ್ರಹಗಳಿಗೆ ಹೆಸರಿದೆ. ಊರಿನ ಸುತ್ತ ತಾಮ್ರದ ಗಣಿ ಇಲ್ಲ, ಲೋಹ ಹೊರಗಿನಿಂದಲೇ ಬರಬೇಕು. ಆದರೂ ಕಸುಬು ಉಳಿದಿದೆ. ಒಂದು ವಿಗ್ರಹದ ಬೆಲೆಯಲ್ಲಿ ಲೋಹ ಸಾಗಿಸಿದ ಖರ್ಚಿನ ಪಾಲು ಚಿಕ್ಕದು, ಕೈಕೆಲಸದ ಪಾಲು ದೊಡ್ಡದು. ಇಲ್ಲಿ ಉದ್ದಿಮೆಯನ್ನು ಹಿಡಿದಿಟ್ಟಿರುವುದು ಮಣ್ಣಲ್ಲ, ಮನೆತನಗಳು ಕಲಿತ ವಿದ್ಯೆ.

ಕಚ್ಚಾವಸ್ತುವಿಗೆ ಅಂಟಿಕೊಂಡ ಉದ್ದಿಮೆಗೆ ಅಪಾಯವೂ ಉಂಟು. ಪಾಂಡವಪುರದ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆ ಹೋಯಿತು. ಮಂಡ್ಯದ ಮೈಷುಗರ್ ಕೂಡ ನಿಂತು, 2022ರಲ್ಲಿ ಮತ್ತೆ ಅರೆಯತೊಡಗಿತು. ಕಾರ್ಖಾನೆ ನಿಂತಿತೆಂದು ಗದ್ದೆಯಲ್ಲಿರುವ ಕಬ್ಬು ಕಾಯುವುದಿಲ್ಲ. ದೂರದ ಕಾರ್ಖಾನೆಗೆ ಸಾಗಿಸಿದರೆ ಬಾಡಿಗೆ ಏರುತ್ತದೆ, ದಿನ ಕಳೆಯುತ್ತದೆ. ಇಲ್ಲವೆಂದರೆ ಆಲೆಮನೆ ಕೊಟ್ಟ ದರಕ್ಕೆ ಕೊಡಬೇಕು.

ನಮ್ಮ ತಾಲ್ಲೂಕಿಗೆ ಒಂದು ಕಾರ್ಖಾನೆ ತರುತ್ತೇವೆ ಎಂದು ಚುನಾವಣೆ ಹೊತ್ತಿನಲ್ಲಿ ಯಾರಾದರೂ ಹೇಳಿದರೆ ಮೂರು ಮಾತು ಕೇಳಿ. ಅದರ ಸಾಮಾನು ತಯಾರಾಗುವಾಗ ತೂಕ ಇಳಿಯುತ್ತದೋ ಏರುತ್ತದೋ? ಎಷ್ಟು ಹೊತ್ತಿನೊಳಗೆ ಕೆಡುತ್ತದೆ? ಬೆಲೆಯ ದೊಡ್ಡ ಪಾಲು ಸಾಗಣೆಯದೋ, ಕೈಚಳಕದ್ದೋ? ಇವಕ್ಕೆ ನೇರ ಉತ್ತರ ಬಾರದಿದ್ದರೆ ಆ ಕಾರ್ಖಾನೆಯ ಅಡಿಗಲ್ಲು ಬರೀ ಕಲ್ಲಾಗಿಯೇ ಉಳಿಯುತ್ತದೆ.